ಸ್ಟಾರ್ಟರ್ ಜಾಬ್‌ಗೆ ಅಂಕ ಹಾಕೋದು: ಹೌದು-ಇಲ್ಲ ಪಟ್ಟಿಯಾ, ರೇಟಿಂಗಾ, ಪ್ರಶ್ನೆಯಾ?

ಪ್ರಾಕ್ಟಿಕಲ್‌ನಲ್ಲಿ ಇಬ್ಬರು ಟ್ರೇನಿಗಳ ಮೋಟಾರೂ ತಿರುಗಿತು. ಹಸಿರು ಬಟನ್ ಒತ್ತಿದರೆ ಶುರು, ಕೆಂಪು ಒತ್ತಿದರೆ ನಿಲ್ಲುತ್ತೆ. ನನ್ನ ಕೈಯಲ್ಲಿದ್ದ ಚೆಕ್‌ಲಿಸ್ಟ್‌ನಲ್ಲಿ 'ಓವರ್‌ಲೋಡ್ ರಿಲೇ ಸೆಟ್ ಮಾಡಿದ್ದಾರೆ' ಅಂತ ಒಂದು ಸಾಲಿತ್ತು. ಇಬ್ಬರಿಗೂ ಟಿಕ್ ಹಾಕಿದೆ.

ಆಮೇಲೆ ಯಾಕೋ ಬಗ್ಗಿ ಆ ರಿಲೇಯ ಡಯಲ್ ನೋಡಿದೆ, ಮೋಟಾರ್ ಎಷ್ಟು ಕರೆಂಟ್ ಮೀರಿ ಎಳೆದರೆ ನಿಲ್ಲಬೇಕು ಅಂತ ಇಡುವ ಡಯಲ್. ಬೇಲೂರು ಕಡೆಯ ಹುಡುಗಿ 4.8ಕ್ಕೆ ಇಟ್ಟಿದ್ದಳು. ಮೋಟಾರಿನ ನೇಮ್‌ಪ್ಲೇಟ್ ಮೇಲೆ ಇದ್ದದ್ದೂ 4.8 ಆಂಪಿಯರ್. ಮೂಡಿಗೆರೆ ಕಡೆಯ ಹುಡುಗ ಡಯಲನ್ನು ಕೊನೆಯವರೆಗೂ ತಿರುಗಿಸಿ 6.5ಕ್ಕೆ ಇಟ್ಟಿದ್ದ.

"ಯಾಕಪ್ಪ ಇಲ್ಲಿಗೆ ಇಟ್ಟೆ?"

"ಪದೇ ಪದೇ ಟ್ರಿಪ್ ಆಗಬಾರದಲ್ವಾ ಸರ್. ನಮ್ಮನೆ ಕಾಫಿ ಪಲ್ಪರ್‌ಗೂ ಅಪ್ಪ ಹಿಂಗೇ ಇಟ್ಟಿದ್ದಾರೆ."

ಅವನು ಸೋಮಾರಿಯಲ್ಲ, ವೈರಿಂಗ್ ಕೂಡ ಚೆನ್ನಾಗೇ ಮಾಡಿದ್ದ. ತಪ್ಪಿದ್ದದ್ದು ನನ್ನ ಹಾಳೆಯಲ್ಲಿ. ಒಂದು ಟಿಕ್‌ನಿಂದ ಗೊತ್ತಾಗದ ವಿಷಯಕ್ಕೆ ನಾನು ಟಿಕ್ ಇಟ್ಟಿದ್ದೆ.

ನಾನು ಹಾಸನದಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಕಲಿಸುವವನು. ಪ್ರಾಕ್ಟಿಕಲ್ ಅಳೆಯೋಕೆ ನಮ್ಮಂಥವರ ಮುಂದೆ ನಾಲ್ಕು ದಾರಿ ಇವೆ. ಹೌದು-ಇಲ್ಲ ಚೆಕ್‌ಲಿಸ್ಟ್, 1ರಿಂದ 5ರವರೆಗಿನ ರೇಟಿಂಗ್, ಪ್ರತಿ ಮಟ್ಟಕ್ಕೂ ವಿವರಣೆ ಬರೆದ ರೂಬ್ರಿಕ್, ಕೆಲಸ ನೋಡುತ್ತಾ ಕೇಳುವ ಪ್ರಶ್ನೆ. ಇವನ್ನು ಒಂದೇ ಜಾಬ್ ಮೇಲೆ ಇಟ್ಟು ಹೋಲಿಸುತ್ತೇನೆ. ಆ ಜಾಬ್: 3 ಎಚ್‌ಪಿ ತ್ರೀ ಫೇಸ್ ಮೋಟಾರಿಗೆ ಡಿಒಎಲ್ ಸ್ಟಾರ್ಟರ್ ವೈರಿಂಗ್ ಮಾಡಿ ಓಡಿಸುವುದು. ಸಮಯ 45 ನಿಮಿಷ.

ಮೊದಲು ಕೇಳಿಕೊಳ್ಳುವ ಪ್ರಶ್ನೆ

ಯಾವ ದಾರಿ ಒಳ್ಳೆಯದು ಅಂತ ಸುಮ್ನೆ ಕೇಳಿದರೆ ಉತ್ತರ ಸಿಗಲ್ಲ. ನಾನು ಪ್ರತಿ ಸಾಲಿಗೂ ಒಂದೇ ವಿಚಾರ ನೋಡುತ್ತೇನೆ: ಇದು ಯಾವಾಗ ಕಾಣುತ್ತೆ?

ಕೆಲವು ವಿಷಯ ಕೆಲಸ ಮುಗಿದ ಮೇಲೂ ಕಾಣುತ್ತವೆ. ಟರ್ಮಿನಲ್ ಬಿಗಿ ಇದೆಯಾ, ಹೊರಗೆ ತಾಮ್ರ ಇಣುಕುತ್ತಿದೆಯಾ, ವೈರ್ ಸಾಲಾಗಿ ಕೂತಿದೆಯಾ ಅನ್ನೋದನ್ನು ಊಟ ಮಾಡಿಕೊಂಡು ಬಂದೂ ನೋಡಬಹುದು. ಕೆಲವು ಆ ಕ್ಷಣದಲ್ಲಿ ಮಾತ್ರ ಕಾಣುತ್ತವೆ. ಮೇನ್ ಆಫ್ ಮಾಡಿ, ಕರೆಂಟ್ ಇಲ್ಲ ಅಂತ ಪರೀಕ್ಷೆ ಮಾಡಿ ಆಮೇಲೆ ಕೈ ಹಾಕಿದನಾ ಅನ್ನೋದು ಹಾಗೆ. ಮುಗಿದ ಬೋರ್ಡ್ ಅದರ ಬಗ್ಗೆ ಒಂದು ಮಾತೂ ಹೇಳಲ್ಲ. ಇನ್ನು ಕೆಲವು ಯಾವಾಗಲೂ ಕಾಣಲ್ಲ. ಡಯಲ್ ಎಲ್ಲಿದೆ ಅನ್ನೋದು ಕಾಣುತ್ತೆ, ಅಲ್ಲಿ ಯಾಕಿದೆ ಅನ್ನೋದು ಅವನ ತಲೆಯಲ್ಲಿ ಇರುತ್ತೆ.

ಆ ಕ್ಷಣದಲ್ಲಿ ಮಾತ್ರ ಕಾಣುವುದಕ್ಕೆ ಹೌದು-ಇಲ್ಲ ಪಟ್ಟಿ, ಮುಗಿದ ಮೇಲೂ ಕಾಣುವುದಕ್ಕೆ ಮಟ್ಟದ ವಿವರಣೆ, ತಲೆಯೊಳಗಿನದಕ್ಕೆ ಪ್ರಶ್ನೆ. ನನ್ನ ಲೆಕ್ಕ ಇಷ್ಟೇ. ಬರೀ ನಂಬರ್ ಹಾಕುವ ರೇಟಿಂಗನ್ನು ನಾನು ಬಿಟ್ಟೇಬಿಟ್ಟಿದ್ದೇನೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹೌದು-ಇಲ್ಲ ಪಟ್ಟಿ

ಇದು ಎಲ್ಲಕ್ಕಿಂತ ವೇಗ. ನಾಲ್ಕು ಜನ ಒಟ್ಟಿಗೆ ಕೆಲಸ ಮಾಡುತ್ತಿದ್ದರೂ ಹಾಳೆ ಹಿಡಿದು ಓಡಾಡುತ್ತಾ ಟಿಕ್ ಹಾಕಬಹುದು. ಬೇರೆ ಇನ್‌ಸ್ಟ್ರಕ್ಟರ್ ಬಂದು ನೋಡಿದರೂ ಹೆಚ್ಚುಕಮ್ಮಿ ಅದೇ ಟಿಕ್ ಬೀಳುತ್ತೆ. ಆದರೆ ಸಾಲು ಸರಿಯಾಗಿ ಬರೆದಿದ್ದರೆ ಮಾತ್ರ.

ನಾವು ಸಾಮಾನ್ಯವಾಗಿ ಬರೆಯೋದು ಹೇಗೆ? 'ಸುರಕ್ಷತಾ ಕ್ರಮ ಪಾಲಿಸಿದ್ದಾರೆ.' ಇದಕ್ಕೆ ಯಾರು ಇಲ್ಲ ಅಂತಾರೆ! ಶೂ ಹಾಕಿಕೊಂಡು ಬಂದಿದ್ದರೂ ಹೌದು, ಗ್ಲೌಸ್ ಪಕ್ಕದಲ್ಲಿ ಇಟ್ಟುಕೊಂಡಿದ್ದರೂ ಹೌದು. ಅದನ್ನು ಒಡೆದು ಹೀಗೆ ಬರೆದೆ: 'ಐಸೊಲೇಟರ್ ಆಫ್ ಮಾಡಿದ. ಟೆಸ್ಟ್ ಲ್ಯಾಂಪನ್ನು ಮೊದಲು ಕರೆಂಟ್ ಇರುವ ಜಾಗದಲ್ಲಿ ಉರಿಸಿ ನೋಡಿದ. ಆಮೇಲೆ ಸ್ಟಾರ್ಟರ್‌ನ ಒಳಬರುವ ಮೂರೂ ಫೇಸ್ ಮೇಲೆ ನೋಡಿದ. ಮತ್ತೆ ಕರೆಂಟ್ ಇರುವ ಜಾಗದಲ್ಲಿ ಉರಿಸಿ ನೋಡಿದ.' ಮೊದಲು ಮತ್ತು ಕೊನೆಯಲ್ಲಿ ಉರಿಸೋದು ಯಾಕೆ ಅಂದರೆ, ಲ್ಯಾಂಪೇ ಸುಟ್ಟುಹೋಗಿದ್ದರೆ ಎಲ್ಲ ಫೇಸೂ ಸತ್ತ ಹಾಗೇ ಕಾಣುತ್ತೆ. ಈಗ ಸಾಲು ಓದಿದವರಿಗೆ ಏನು ನೋಡಬೇಕು ಅಂತ ಗೊತ್ತು. ಕೈ ಚಲಿಸಿತು, ಇಲ್ಲವೇ ಚಲಿಸಲಿಲ್ಲ.

ಒಂದು ಸಾಲಿನಲ್ಲಿ ಎರಡು ಕೆಲಸ ಸೇರಿಸಬಾರದು. 'ಅರ್ಥಿಂಗ್ ಕೊಟ್ಟು ಕಂಟಿನ್ಯುಟಿ ನೋಡಿದ' ಅಂತ ಬರೆದರೆ, ಅರ್ಥ್ ಕೊಟ್ಟು ನೋಡದೇ ಬಿಟ್ಟವನಿಗೆ ಏನು ಹಾಕುವುದು? ಅರ್ಧ ಟಿಕ್ ಹಾಕಿದವರನ್ನೂ ನೋಡಿದ್ದೇನೆ.

ಈ ಪಟ್ಟಿಯ ದೊಡ್ಡ ಅಪಾಯ ಕೂಡುವ ಲೆಕ್ಕದಲ್ಲಿದೆ. ನನ್ನ ಹಳೆಯ ಹಾಳೆಯಲ್ಲಿ 12 ಸಾಲು, ಸಾಲಿಗೆ 5 ಅಂಕ, ಒಟ್ಟು 60. ಮೇನ್ ಆಫ್ ಮಾಡದೇ ಕೈ ಹಾಕಿದವನು ಆ ಒಂದು ಸಾಲಿನ 5 ಕಳೆದುಕೊಳ್ಳುತ್ತಾನೆ. ಉಳಿದಿದ್ದೆಲ್ಲ ಸರಿ ಇದ್ದರೆ 60ಕ್ಕೆ 55. ಅಂದರೆ ಸುಮಾರು 92 ಶೇಕಡಾ. ನಮ್ಮ ಸಿಲಬಸ್ ಮಾರ್ಗಸೂಚಿಯಲ್ಲಿ 60ರಿಂದ 75, 75ರಿಂದ 90, 90ಕ್ಕಿಂತ ಮೇಲೆ ಅಂತ ಮೂರು ಹಂತ ಇವೆ. ಕರೆಂಟ್ ಇರುವ ಬೋರ್ಡಿಗೆ ಕೈ ಹಾಕಿದವನು ಎಲ್ಲಕ್ಕಿಂತ ಮೇಲಿನ ಹಂತದಲ್ಲಿ ಕೂತಿದ್ದಾನೆ!

ಅದಕ್ಕೇ ಕೆಲವು ಸಾಲುಗಳನ್ನು ಕಡ್ಡಾಯ ಅಂತ ಬೇರೆ ಮಾಡಬೇಕು. ಅವು ತಪ್ಪಿದರೆ ಬೇರೆ ಅಂಕ ಎಷ್ಟಿದ್ದರೂ ಜಾಬ್ ಅಲ್ಲಿಗೇ ನಿಲ್ಲುತ್ತೆ, ಮತ್ತೆ ಮಾಡಬೇಕು. ನಾನು ಮೂರನ್ನೇ ಇಟ್ಟಿದ್ದೇನೆ. ಕರೆಂಟ್ ಇಲ್ಲ ಅಂತ ಪರೀಕ್ಷಿಸುವುದು. ಮೋಟಾರಿನ ಬಾಡಿಗೆ ಎರಡು ಬೇರೆ ಬೇರೆ ಅರ್ಥ್ ಕನೆಕ್ಷನ್. ನನ್ನನ್ನು ಕರೆಯದೇ ಸಪ್ಲೈ ಕೊಡದಿರುವುದು. ಹತ್ತು ಸಾಲನ್ನು ಕಡ್ಡಾಯ ಮಾಡಿದರೆ ಯಾರೂ ಪಾಸಾಗಲ್ಲ. ಆಮೇಲೆ ನಾವೇ 'ಹೋಗಲಿ ಬಿಡು' ಅಂತ ಸಡಿಲ ಮಾಡುತ್ತೇವೆ.

ರೇಟಿಂಗ್ ಬಿಟ್ಟದ್ದು ಯಾಕೆ

'ವೈರಿಂಗ್ ಅಚ್ಚುಕಟ್ಟು: 1 2 3 4 5.' ಬರೆಯೋಕೆ ಎರಡು ನಿಮಿಷ. ಉಪಯೋಗಿಸೋಕೂ ಸುಲಭ. ಒಂದು ದಿನ ನಾನು ಮತ್ತು ನಮ್ಮ ಮೇಡಂ ಒಂದೇ ಆರು ಬೋರ್ಡುಗಳನ್ನು ಬೇರೆ ಬೇರೆ ನೋಡಿ ಅಂಕ ಹಾಕಿ, ಆಮೇಲೆ ಹಾಳೆ ಪಕ್ಕಪಕ್ಕ ಇಟ್ಟೆವು. ಒಂದು ಬೋರ್ಡಿಗೆ ನಾನು 4 ಹಾಕಿದ್ದೆ, ಅವರು 2.

"ಇದು ಎರಡಾ ಮೇಡಂ? ಎಷ್ಟು ನೀಟಾಗಿದೆ!"

"ನೀಟಾಗಿದೆ ಸರ್. ಈ ಟರ್ಮಿನಲ್ ನೋಡಿ, ಇನ್ಸುಲೇಷನ್ ಮೇಲೇ ಸ್ಕ್ರೂ ಕೂತಿದೆ."

ನಾನು ಕಣ್ಣಿಗೆ ಚೆಂದ ಇದೆಯಾ ಅಂತ ನೋಡಿದ್ದೆ. ಅವರು ಸಂಪರ್ಕ ಸರಿ ಇದೆಯಾ ಅಂತ ನೋಡಿದ್ದರು. ಸ್ಕ್ರೂ ಇನ್ಸುಲೇಷನ್ ಮೇಲೆ ಕೂತರೆ ತಾಮ್ರಕ್ಕೆ ಹಿಡಿತ ಇರಲ್ಲ. ಇವತ್ತು ಮೋಟಾರ್ ಓಡುತ್ತೆ, ಕೆಲವು ದಿನಕ್ಕೆ ಅದೇ ಜಾಗ ಕಾದು ಕರಗುತ್ತೆ. 'ಅಚ್ಚುಕಟ್ಟು' ಅನ್ನುವ ಒಂದು ಪದದಲ್ಲಿ ಎರಡು ಬೇರೆ ವಿಷಯ ಅಡಗಿದ್ದವು. 4 ಅಂದರೆ ಏನು, 2 ಅಂದರೆ ಏನು ಅಂತ ಎಲ್ಲೂ ಬರೆದಿರಲಿಲ್ಲ.

ಇನ್ನೊಂದು ರೋಗ ಇದೆ. ಸಂಜೆ ನಾಲ್ಕರ ಹೊತ್ತಿಗೆ ಎಲ್ಲರಿಗೂ 3 ಬೀಳುತ್ತೆ. ನಿಮ್ಮ ಹಳೆಯ ಹಾಳೆಗಳನ್ನು ತೆಗೆದು ಕೊನೆಯ ಐದು ಟ್ರೇನಿಗಳ ಅಂಕ ನೋಡಿ. ಎಲ್ಲ ಸಾಲಿನಲ್ಲೂ 3, 3, 3, 4, 3 ಇದ್ದರೆ ಅದು ಅವರ ಕೆಲಸದ ಅಳತೆ ಅಲ್ಲ, ನಿಮ್ಮ ಸುಸ್ತಿನ ಅಳತೆ.

ಮಟ್ಟದ ವಿವರಣೆ ಬರೆಯುವುದು

ರೂಬ್ರಿಕ್ ಅಂದರೆ ಅದೇ ನಂಬರಿಗೆ ಮಾತು ಕೊಡುವುದು. ಟರ್ಮಿನಲ್ ಸಂಪರ್ಕಕ್ಕೆ ನಾನು ಬರೆದದ್ದು ಹೀಗಿದೆ. ಯಾವ ವೈರನ್ನು ಕೈಯಿಂದ ಎಳೆದರೂ ಅಲ್ಲಾಡಲ್ಲ, ಯಾವ ಸ್ಕ್ರೂ ಕೆಳಗೂ ಇನ್ಸುಲೇಷನ್ ಸಿಕ್ಕಿಲ್ಲ, ಹೊರಗೆ ತಾಮ್ರ ಕಾಣಲ್ಲ: 15 ಅಂಕ. ಎಳೆದರೆ ಅಲ್ಲಾಡಲ್ಲ, ಇನ್ಸುಲೇಷನ್ ಸಿಕ್ಕಿಲ್ಲ, ಆದರೆ ಒಂದೆರಡು ಕಡೆ ತಾಮ್ರ ಹೊರಗೆ ಇಣುಕುತ್ತೆ: 10. ಒಂದಾದರೂ ಅಲ್ಲಾಡುತ್ತೆ ಅಥವಾ ಒಂದು ಕಡೆ ಇನ್ಸುಲೇಷನ್ ಮೇಲೆ ಸ್ಕ್ರೂ ಕೂತಿದೆ: 5. ಇದನ್ನು ಹಿಡಿದು ಮೇಡಂ ಮತ್ತು ನಾನು ಅದೇ ಆರು ಬೋರ್ಡುಗಳನ್ನು ಮತ್ತೆ ನೋಡಿದೆವು. ಜಗಳ ಆಡಿದ್ದ ಆ ಬೋರ್ಡಿಗೆ ಈ ಸಲ ಇಬ್ಬರದೂ 5.

ಬರೆಯುವಾಗ 'ಉತ್ತಮವಾಗಿ', 'ಸಮಾಧಾನಕರವಾಗಿ', 'ಇನ್ನೂ ಸುಧಾರಿಸಬೇಕು' ಅಂತ ಹಾಕಿದರೆ ಏನೂ ಬದಲಾಗಲ್ಲ. ಅದು ಮತ್ತೆ 3, 2, 1 ಅಂತ ಬರೆದ ಹಾಗೇ. ಕಣ್ಣಿಗೋ ಕೈಗೋ ಸಿಗುವ ಗುರುತು ಬೇಕು. ಎಳೆದರೆ ಬರುತ್ತಾ, ಇಣುಕುತ್ತಾ, ಕ್ರಾಸ್ ಆಗಿದೆಯಾ ಅನ್ನುವಂಥದ್ದು.

ಕಷ್ಟ ಏನು ಅಂದರೆ ಶ್ರಮ ಜಾಸ್ತಿ. 12 ಸಾಲಿಗೆ ನಾಲ್ಕು ನಾಲ್ಕು ಮಟ್ಟ ಬರೆಯಲು ಹೊರಟರೆ 48 ವಿವರಣೆ. ಅಷ್ಟು ಬರೆದ ಹಾಳೆಯನ್ನು ಅಸೆಸ್‌ಮೆಂಟ್ ದಿನ ಯಾರೂ ಓದಲ್ಲ. ಹಾಗಾಗಿ ಮೂರೇ ಸಾಲಿಗೆ, ಮೂರು ಮೂರು ಮಟ್ಟ ಇಟ್ಟೆ: ಟರ್ಮಿನಲ್ ಸಂಪರ್ಕ, ವೈರ್ ಹಾಸಿದ ರೀತಿ, ಸರ್ಕ್ಯೂಟ್ ಕೆಲಸ ಮಾಡುವ ರೀತಿ. ಮೂರೂ ಕೆಲಸ ಮುಗಿದ ಮೇಲೆ ನೋಡುವಂಥವು. ಹಾಗಾಗಿ ಅವಸರ ಇಲ್ಲ, ಕುರ್ಚಿ ಎಳೆದುಕೊಂಡು ಕೂತೇ ನೋಡಬಹುದು.

ಸರ್ಕ್ಯೂಟ್ ಸಾಲಿನಲ್ಲಿ ಒಂದು ಎಚ್ಚರ. 'ಮೋಟಾರ್ ಓಡಿತು' ಅನ್ನುವುದನ್ನೇ ಗುರುತು ಮಾಡಬೇಡಿ. ಬಟನ್ ಬಿಟ್ಟ ಮೇಲೂ ಮೋಟಾರ್ ಓಡುವ ಹಾಗೆ ಹಿಡಿದಿಡುವ ಹೋಲ್ಡಿಂಗ್ ಕಾಂಟ್ಯಾಕ್ಟ್ 13-14 ಇರಬೇಕಾದದ್ದು ಸ್ಟಾರ್ಟ್ ಬಟನ್‌ಗೆ ಮಾತ್ರ ಪ್ಯಾರಲಲ್ ಆಗಿ. ಕೆಲವರು ಅವಸರದಲ್ಲಿ ಅದನ್ನು ಸ್ಟಾಪ್ ಬಟನ್ನೂ ಸೇರುವ ಹಾಗೆ ಎರಡಕ್ಕೂ ಪ್ಯಾರಲಲ್ ಕೊಟ್ಟುಬಿಡುತ್ತಾರೆ. ಆಗ ಮೋಟಾರ್ ಸೊಗಸಾಗಿ ಶುರುವಾಗುತ್ತೆ, ಕೆಂಪು ಬಟನ್ ಒತ್ತಿದರೆ ನಿಲ್ಲೋದೇ ಇಲ್ಲ. ಅದಕ್ಕೇ ಗುರುತು ಹೀಗಿರಲಿ: ಸ್ಟಾರ್ಟ್ ಒತ್ತಿ ಬಿಟ್ಟ ಮೇಲೂ ಓಡುತ್ತೆ, ಸ್ಟಾಪ್ ಒತ್ತಿದರೆ ನಿಲ್ಲುತ್ತೆ, ಓಡುವಾಗ ರಿಲೇಯ ಟೆಸ್ಟ್ ಬಟನ್ ಒತ್ತಿದರೂ ನಿಲ್ಲುತ್ತೆ. ಮೂರೂ ಆದರೆ 15. ಮೊದಲೆರಡು ಆಗಿ ಮೂರನೆಯದು ಆಗದಿದ್ದರೆ 10. ಅಂದರೆ ಟ್ರಿಪ್ ಆದಾಗ ತೆರೆದುಕೊಳ್ಳುವ ರಿಲೇಯ 95-96 ಕಾಂಟ್ಯಾಕ್ಟ್ ಕಂಟ್ರೋಲ್ ಸರ್ಕ್ಯೂಟಿನಲ್ಲಿ ಸೇರಿಲ್ಲ. ನೋಡೋಕೆ ಎಲ್ಲ ಸರಿ ಇರುವ ಸ್ಟಾರ್ಟರ್, ಮೋಟಾರನ್ನು ಮಾತ್ರ ಕಾಯಲ್ಲ.

20 ಜನರನ್ನು ನೋಡುವುದು ಹೇಗೆ

ಬ್ಯಾಚ್‌ನಲ್ಲಿ 20 ಜನ. ಒಬ್ಬೊಬ್ಬರನ್ನೇ 45 ನಿಮಿಷ ನೋಡಿದರೆ 15 ಗಂಟೆ ಬೇಕು. ಎರಡು ದಿನದ ಕೆಲಸ. ನಾಲ್ಕು ಜನರನ್ನು ಒಟ್ಟಿಗೆ ನಿಲ್ಲಿಸಿದರೆ ಐದು ಸುತ್ತು, ಮೂರೂ ಮುಕ್ಕಾಲು ಗಂಟೆ. ಆದರೆ ಒಬ್ಬ ಐಸೊಲೇಟರ್ ಆಫ್ ಮಾಡುವ ಕ್ಷಣದಲ್ಲಿ ನಾನು ಇನ್ನೊಬ್ಬನ ಹತ್ತಿರ ಇರುತ್ತೇನೆ. ನೋಡದೇ ಟಿಕ್ ಹಾಕುವುದು ಶುರುವಾಗುವುದು ಇಲ್ಲೇ.

ಇದಕ್ಕೆ ನನಗೆ ಸಿಕ್ಕ ದಾರಿ ತಡೆ ಬಿಂದು. ಜಾಬ್ ಶೀಟಿನಲ್ಲೇ ಎರಡು ಕಡೆ 'ಇಲ್ಲಿ ನಿಲ್ಲಿ, ಇನ್‌ಸ್ಟ್ರಕ್ಟರನ್ನು ಕರೆಯಿರಿ' ಅಂತ ಅಚ್ಚು ಹಾಕಿದ್ದೇನೆ. ಮೊದಲನೆಯದು ಬೋರ್ಡಿಗೆ ಕೈ ಹಾಕುವ ಮುಂಚೆ. ಕರೆಂಟ್ ಇಲ್ಲ ಅನ್ನೋದನ್ನು ನನ್ನ ಎದುರಲ್ಲೇ ಪರೀಕ್ಷಿಸಿ ತೋರಿಸಬೇಕು. ಎರಡನೆಯದು ಸಪ್ಲೈ ಕೊಡುವ ಮುಂಚೆ. ಅಲ್ಲಿ ಮೂರು ವಿಷಯ ನೋಡುತ್ತೇನೆ. 500 ವೋಲ್ಟ್ ಮೆಗ್ಗರ್‌ನಲ್ಲಿ ವೈಂಡಿಂಗ್‌ಗೂ ಬಾಡಿಗೂ ನಡುವೆ ಕನಿಷ್ಠ 1 ಮೆಗಾಓಮ್ ಬರುತ್ತಿದೆಯಾ, ಎರಡೂ ಅರ್ಥ್ ಕೂತಿವೆಯಾ, ಕಾಯಿಲ್ ವೋಲ್ಟೇಜ್ ಓದಿದ್ದಾನಾ. ಕಾಯಿಲ್ ಮೇಲೆ 240 ಅಂತ ಬರೆದಿದ್ದು, ಇವನು ಎರಡು ಫೇಸ್ ನಡುವಿನ 415 ಕೊಟ್ಟರೆ ನನ್ನ ಒಂದು ಕಾಂಟ್ಯಾಕ್ಟರ್ ಹೊಗೆಯಾಗುತ್ತೆ. ಒಮ್ಮೆ ಆಗಿದೆ. ಲ್ಯಾಬ್ ತುಂಬ ಸುಟ್ಟ ವಾರ್ನಿಷ್ ವಾಸನೆ.

ಈ ಎರಡು ನಿಲುಗಡೆ ಇದ್ದರೆ ನಾಲ್ಕು ಜನರನ್ನು ಒಬ್ಬರೇ ನೋಡಬಹುದು. ಆರು ಜನ ಅಂದರೆ ಕಾಯುವ ಸಾಲು ಬೆಳೆಯುತ್ತೆ. ಹುಡುಗರು ಸುಮ್ನೆ ಕೂರಲ್ಲ, ಪಕ್ಕದವನ ಬೋರ್ಡ್ ನೋಡುತ್ತಾರೆ. ಕಾದ ನಿಮಿಷಗಳನ್ನು ಅವರ 45ರಲ್ಲಿ ಹಿಡಿಯಬೇಡಿ.

ಇದರ ಒಂದು ಮಿತಿ ಒಪ್ಪಿಕೊಳ್ಳಲೇಬೇಕು. ನಾನು ಎದುರು ನಿಂತಾಗ ಎಲ್ಲರೂ ಟೆಸ್ಟ್ ಲ್ಯಾಂಪ್ ಹಿಡಿಯುತ್ತಾರೆ. ನಾನಿಲ್ಲದಾಗ ಹಿಡಿಯುತ್ತಾರಾ ಅಂತ ತಡೆ ಬಿಂದು ಹೇಳಲ್ಲ. ಅದಕ್ಕೆ ದಿನನಿತ್ಯದ ಲ್ಯಾಬ್‌ನಲ್ಲಿ, ಅಸೆಸ್‌ಮೆಂಟ್ ಅಲ್ಲದ ದಿನ, ದೂರದಿಂದ ನೋಡಿ ಪ್ರೋಗ್ರೆಸ್ ಚಾರ್ಟ್‌ನಲ್ಲಿ ಬರೆದಿಡುವುದೇ ದಾರಿ.

ನೋಡುತ್ತಾ ಕೇಳುವ ಪ್ರಶ್ನೆ

ವೈವಾ ಅಂದರೆ ನಮ್ಮಲ್ಲಿ ಟೇಬಲ್ ಹಿಂದೆ ಕೂತು 'ಓವರ್‌ಲೋಡ್ ರಿಲೇ ಎಂದರೇನು?' ಅಂತ ಕೇಳುವ ಅಭ್ಯಾಸ. ಗೈಡ್ ಓದಿದವನು ಪಟಪಟ ಹೇಳುತ್ತಾನೆ. 6.5ಕ್ಕೆ ಡಯಲ್ ಇಟ್ಟ ಆ ಹುಡುಗನೂ ಇದಕ್ಕೆ ಸರಿಯಾದ ಉತ್ತರ ಕೊಡುತ್ತಿದ್ದ. ಅನುಮಾನವೇ ಇಲ್ಲ.

ಪ್ರಶ್ನೆ ಅವನು ಈಗಷ್ಟೇ ಮಾಡಿದ ಕೆಲಸಕ್ಕೆ ಅಂಟಿಕೊಂಡಿರಬೇಕು. 'ಈ ಡಯಲ್ ಇಲ್ಲಿ ಯಾಕೆ?' ಅಥವಾ 'ಈ 13-14ರ ವೈರ್ ತೆಗೆದರೆ ಏನಾಗುತ್ತೆ?' ಎರಡನೆಯದಕ್ಕೆ ಬೇಕಾದ ಉತ್ತರ: ಬಟನ್ ಒತ್ತಿ ಹಿಡಿದಷ್ಟು ಹೊತ್ತು ಓಡುತ್ತೆ, ಬಿಟ್ಟರೆ ನಿಲ್ಲುತ್ತೆ. 'ಓಡಲ್ಲ ಸರ್' ಅಂದರೆ ಅವನು ಚಿತ್ರ ನೋಡಿ ವೈರ್ ಹಾಕಿದ್ದಾನೆ, ಸರ್ಕ್ಯೂಟ್ ತಿಳಿದುಕೊಂಡಿಲ್ಲ. ನಿರೀಕ್ಷಿತ ಉತ್ತರವನ್ನು ಪ್ರಶ್ನೆ ಪಕ್ಕದಲ್ಲೇ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಬೆಳಿಗ್ಗೆ ಒಪ್ಪಿದ ಉತ್ತರವನ್ನು ಮಧ್ಯಾಹ್ನ ಒಪ್ಪಲ್ಲ.

ಡಯಲ್ ಪ್ರಶ್ನೆಗೆ ನಾನು ಎರಡು ಮಟ್ಟ ಇಟ್ಟಿದ್ದೇನೆ. 'ನೇಮ್‌ಪ್ಲೇಟ್‌ನಲ್ಲಿ 4.8 ಇದೆ, ಅದಕ್ಕೆ' ಅಂದರೆ 5. ಜಾಸ್ತಿ ಇಟ್ಟರೆ ಏನಾಗುತ್ತೆ ಅಂತಲೂ ಹೇಳಿದರೆ 10. ಪಲ್ಪರ್ ಉದಾಹರಣೆಯನ್ನೇ ತೆಗೆದುಕೊಳ್ಳಿ. ಏನೋ ಸಿಕ್ಕಿಕೊಂಡು ಮೋಟಾರ್ 6 ಆಂಪಿಯರ್ ಎಳೆಯುತ್ತಿದೆ. ಡಯಲ್ 4.8ಕ್ಕೆ ಇದ್ದರೆ ರಿಲೇ ಕಾದು ಟ್ರಿಪ್ ಆಗುತ್ತೆ. 6.5ಕ್ಕೆ ಇದ್ದರೆ ಆ ರಿಲೇ ಪಾಲಿಗೆ 6 ಅನ್ನೋದು ಮಾಮೂಲಿ. ಟ್ರಿಪ್ ಆಗೋದೇ ಇಲ್ಲ, ವೈಂಡಿಂಗ್ ಕಾಯುತ್ತಲೇ ಇರುತ್ತೆ. ಕೊಯ್ಲಿನ ಹೊತ್ತಲ್ಲಿ ಮೋಟಾರ್ ರಿವೈಂಡಿಂಗ್‌ಗೆ ಹೋದರೆ ಕಿತ್ತ ಹಣ್ಣು ಏನಾಗುತ್ತೆ ಅಂತ ತೋಟದ ಮಕ್ಕಳಿಗೆ ನಾನು ಹೇಳಬೇಕಿಲ್ಲ.

ಯಾವಾಗ ಕೇಳುವುದು ಅನ್ನೋದೂ ಮುಖ್ಯ. ಸ್ಕ್ರೂಡ್ರೈವರ್ ಟರ್ಮಿನಲ್ ಮೇಲಿರುವಾಗ ಕೇಳಬೇಡಿ. ಕೈ ಜಾರುತ್ತೆ, ಇಲ್ಲವೇ ಪ್ರಶ್ನೆಯೇ ಸುಳಿವಾಗುತ್ತೆ. 'ಅರ್ಥ್ ಕೊಟ್ಟೆಯಾ?' ಅಂತ ಕೇಳಿದ ಮೇಲೆ ಅರ್ಥ್ ಕೊಟ್ಟರೆ, ಆ ಅಂಕ ನಿಮ್ಮದು. ತಡೆ ಬಿಂದುವಿನಲ್ಲಿ, ನಾನು ನೋಡಿ ಟಿಕ್ ಹಾಕಿದ ಮೇಲೆಯೇ ಕೇಳುತ್ತೇನೆ. ಹೇಳಿಕೊಡಲೇಬೇಕಾದ ಕಡೆ ಹೇಳಿಕೊಟ್ಟು ಆ ಸಾಲಿನ ಪಕ್ಕ 'ಸ' ಅಂತ ಬರೆಯುತ್ತೇನೆ, ಸಹಾಯ ಪಡೆದ ಅಂತ. ಮಾರ್ಗಸೂಚಿಯ ಮೂರು ಹಂತಗಳಲ್ಲೂ ಎಷ್ಟು ಸಹಾಯ ಬೇಕಾಯಿತು ಅನ್ನೋದು ಒಂದು ಅಳತೆ. ಹಾಗಾಗಿ ಈ 'ಸ' ಮುಂದೆ ಕೆಲಸಕ್ಕೆ ಬರುತ್ತೆ.

ಇನ್ನು ಮಾತಿನ ವಿಷಯ. ಕೆಲಸ ಗೊತ್ತಿದ್ದೂ ಬಾಯಿ ಬಿಡದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಕನ್ನಡದಲ್ಲೇ ಕೇಳಿ, 'ಹೇಳು' ಬದಲು 'ತೋರಿಸು' ಅನ್ನಿ. ಒಬ್ಬಳು ಒಂದು ಮಾತೂ ಆಡದೆ ಬೆರಳಿನಿಂದ 95, 96, ಸ್ಟಾಪ್, ಸ್ಟಾರ್ಟ್, ಎ1, ಎ2 ಅಂತ ದಾರಿ ತೋರಿಸಿದಳು. ಪೂರ್ತಿ ಅಂಕ ಕೊಟ್ಟೆ.

ಮೊದಲ ಸುತ್ತಿನವರು ಹೊರಗೆ ಹೋಗಿ ಪ್ರಶ್ನೆ ಹೇಳುತ್ತಾರೆ, ಅದನ್ನು ತಡೆಯೋಕೆ ಆಗಲ್ಲ. ನಾನು ನೇಮ್‌ಪ್ಲೇಟ್ ಮೇಲೆ ಬೇರೆ ಬೇರೆ ಆಂಪಿಯರ್ ಬರೆದ ಕಾರ್ಡ್ ಅಂಟಿಸುತ್ತೇನೆ. ಒಮ್ಮೆ 4.8, ಒಮ್ಮೆ 4.4, ಒಮ್ಮೆ 5.2. ಕೇಳಿಸಿಕೊಂಡು ಬಂದವನು 4.8ಕ್ಕೇ ಇಟ್ಟು ಸಿಕ್ಕಿಬೀಳುತ್ತಾನೆ. ಎರಡನೇ ಪ್ರಶ್ನೆಗೆ, ಸಪ್ಲೈ ಆಫ್ ಮಾಡಿ, ಒಂದು ಕಂಟ್ರೋಲ್ ವೈರ್ ಬಿಚ್ಚಿ ಮಲ್ಟಿಮೀಟರ್ ಕೊಟ್ಟು 'ಕಾಂಟ್ಯಾಕ್ಟರ್ ಎಳೀತಿಲ್ಲ, ಹುಡುಕು' ಅನ್ನುತ್ತೇನೆ. ಪ್ರತಿ ಸುತ್ತಿಗೂ ಬೇರೆ ವೈರ್. ಇದಕ್ಕೆ 15 ಅಂಕ.

ಈಗಿನ ಹಾಳೆ

ಹೌದು-ಇಲ್ಲ ಆರು ಸಾಲು, ಸಾಲಿಗೆ 5ರಂತೆ 30. ಅದರಲ್ಲಿ ಮೂರು ಕಡ್ಡಾಯ. ಮಟ್ಟದ ವಿವರಣೆಯ ಮೂರು ಸಾಲು, 15ರಂತೆ 45. ಎರಡು ಪ್ರಶ್ನೆ, 10 ಮತ್ತು 15, ಸೇರಿ 25. ಒಟ್ಟು 100.

ಆ ಮೂಡಿಗೆರೆ ಹುಡುಗನನ್ನೇ ಈ ಹಾಳೆಯಲ್ಲಿ ಹಾಕಿ ನೋಡಿದೆ. ಕಡ್ಡಾಯದ ಮೂರೂ ಸರಿ. ಆರರಲ್ಲಿ ಐದು ಹೌದು, 25. ತಪ್ಪಿದ್ದು ಈಗ ಹೊಸದಾಗಿ ಬರೆದ ಸಾಲು: 'ಡಯಲ್ ನೇಮ್‌ಪ್ಲೇಟ್ ಆಂಪಿಯರ್ ಮೇಲೆ ಇದೆ.' ಟರ್ಮಿನಲ್ 15, ವೈರ್ ಹಾಸಿದ್ದು 10, ಸರ್ಕ್ಯೂಟ್ 15, ಸೇರಿ 40. ಡಯಲ್ ಪ್ರಶ್ನೆಗೆ ಸೊನ್ನೆ, ದೋಷ ಹುಡುಕಿದ್ದಕ್ಕೆ 10. ಒಟ್ಟು 75. ಹಳೆಯ ಹಾಳೆಯಲ್ಲಿ ಅವನಿಗೆ 60ಕ್ಕೆ 60 ಬಿದ್ದಿತ್ತು. ಈಗ ಅವನಿಗೆ ಏನು ಗೊತ್ತಿಲ್ಲ ಅನ್ನೋದು ಹಾಳೆ ನೋಡಿದ ಯಾರಿಗಾದರೂ ಗೊತ್ತಾಗುತ್ತೆ. ಮರುದಿನ ಹತ್ತು ನಿಮಿಷ ಅದೊಂದನ್ನೇ ಹೇಳಿಕೊಟ್ಟರೆ ಸಾಕು.

ಇದೆಲ್ಲ ನಮ್ಮ ಕೈಯಲ್ಲಿರುವ ಒಳಗಿನ ಅಸೆಸ್‌ಮೆಂಟ್‌ಗೆ. ಕೊನೆಯ ಟ್ರೇಡ್ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಕೊಟ್ಟ ಅಂಕದ ಹಂಚಿಕೆಯಂತೆಯೇ ಹೋಗಬೇಕು. ಒಳಗಿನ ಹಾಳೆಗಳನ್ನೂ ಮುಂದಿನ ಪರೀಕ್ಷೆ ಮುಗಿಯುವವರೆಗೆ ಕಟ್ಟಿಡಬೇಕು, ಪರಿಶೀಲನೆಗೆ ಕೇಳುತ್ತಾರೆ. ಹಾಗಾಗಿ ಪೆನ್ಸಿಲ್ ಬೇಡ. ಹಾಳೆಯ ಒಂದೇ ಪುಟದಲ್ಲಿ ಮೇಲೆ ಟಿಕ್, ಕೆಳಗೆ ಪ್ರಶ್ನೆ ಇಟ್ಟು, ಪ್ರಶ್ನೆಯ ಭಾಗವನ್ನು ಹಿಂದಕ್ಕೆ ಮಡಚಿ ಪ್ಯಾಡಿಗೆ ಸಿಕ್ಕಿಸಿಕೊಳ್ಳಿ. ಹುಡುಗರ ಕಣ್ಣು ನಮ್ಮ ಪ್ಯಾಡ್ ಮೇಲೇ ಇರುತ್ತೆ.